‘ಅಪರೂಪಕ್ಕೂ ಬೇಡಪ್ಪಾ!’: ಔಷಧದ ಚೀಟಿ ಕನ್ನಡಕ್ಕೆ ಬಂದಾಗ

ನಮ್ಮ ಪಕ್ಕದ ಮನೆಯ ಅಜ್ಜಿಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದಾಗ ಡಾಕ್ಟರು ಮೆಟ್‌ಫಾರ್ಮಿನ್ ಮಾತ್ರೆ ಬರೆದುಕೊಟ್ಟರು. ಡಬ್ಬಿಯೊಳಗೆ ಎಂಟು ಮಡಿಕೆ ಮಡಿಸಿಟ್ಟ ತೆಳು ಕಾಗದ ಇತ್ತು. ಇಂಗ್ಲಿಷು, ಅದೂ ಇರುವೆ ಸಾಲಿನಂಥ ಅಕ್ಷರ. ಪಿಯುಸಿ ಓದುವ ಮೊಮ್ಮಗ ಅದನ್ನು ಬಿಡಿಸಿ, ಅಡ್ಡಪರಿಣಾಮಗಳ ಪಟ್ಟಿ ಹುಡುಕಿ, ಕನ್ನಡ ಮಾಡಿ ಹೇಳಿದ. “ಅಜ್ಜೀ, ಇದು ತಗೊಂಡ್ರೆ ಸಾಮಾನ್ಯವಾಗಿ ವಾಂತಿ, ಭೇದಿ ಆಗುತ್ತಂತೆ. ಅಪರೂಪಕ್ಕೆ ರಕ್ತದಲ್ಲಿ ಆಸಿಡ್ ಜಾಸ್ತಿ ಆಗಿ ಕೋಮಾಕ್ಕೆ ಹೋಗ್ಬಹುದಂತೆ.”

ಅಜ್ಜಿ ಡಬ್ಬಿಯನ್ನು ಎತ್ತಿ ದೇವರ ಮನೆಯ ಗೂಡಿನಲ್ಲಿಟ್ಟರು. “ನಂಗೆ ಅಪರೂಪಕ್ಕೂ ಬೇಡಪ್ಪಾ ಕೋಮಾ!” ಹತ್ತು ದಿನ ಮಾತ್ರೆ ಅಲ್ಲೇ ಕೂತಿತ್ತು. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಏರಿದ್ದು ಕಂಡ ಮೇಲೇ ವಿಷಯ ಹೊರಬಿದ್ದದ್ದು.

ಹುಡುಗ ಸುಳ್ಳು ಹೇಳಿರಲಿಲ್ಲ. ನಿಘಂಟು ತೆರೆದರೆ ಅವನ ಪ್ರತಿಯೊಂದು ಪದಕ್ಕೂ ಸಮರ್ಥನೆ ಸಿಗುತ್ತದೆ. ಔಷಧ ಪರೀಕ್ಷೆಗಳ ಒಪ್ಪಿಗೆ ಪತ್ರಗಳನ್ನು ಕನ್ನಡಕ್ಕೆ ತರುವ ಕೆಲಸ ಮಾಡುವ ನಾನೂ ಮೊದಮೊದಲು ಇವೇ ಪದಗಳನ್ನು ಬಳಸಿದವಳು. ಆದರೂ ಅಜ್ಜಿಯ ಕಿವಿಗೆ ಬಿದ್ದದ್ದು ಚೀಟಿಯಲ್ಲಿ ಇಲ್ಲದ ಸಂಗತಿ. ಅದು ಹೇಗೆ ಎಂದು ನೋಡಬೇಕಾದರೆ ಚೀಟಿ ಬರೆದವರು ಆ ಪದಗಳನ್ನು ಯಾವ ಅರ್ಥದಲ್ಲಿ ಹಾಕಿದ್ದಾರೆ ಎಂಬಲ್ಲಿಂದ ಶುರುಮಾಡಬೇಕು.

ಹತ್ತು ಸಾವಿರ ಜನರ ಊರು

ಚೀಟಿಯಲ್ಲಿ ‘ವೆರಿ ಕಾಮನ್’, ‘ಕಾಮನ್’, ‘ಅನ್‌ಕಾಮನ್’, ‘ರೇರ್’, ‘ವೆರಿ ರೇರ್’ ಎಂದು ಐದು ಮಾತು ಇರುತ್ತವೆ. ಇವು ಬರೆದವರ ಮನಸ್ಸಿಗೆ ತೋಚಿದ ವಿಶೇಷಣಗಳಲ್ಲ. ಒಂದೊಂದೂ ಅಳತೆ ಮಾಡಿಟ್ಟ ಡಬ್ಬ. ಜಿನೀವಾದಲ್ಲಿರುವ ವೈದ್ಯಕೀಯ ವಿಜ್ಞಾನ ಸಂಘಟನೆಗಳ ಅಂತರರಾಷ್ಟ್ರೀಯ ಮಂಡಳಿ 1995ರಲ್ಲಿ ಈ ಡಬ್ಬಗಳ ಗಾತ್ರವನ್ನು ಗೊತ್ತುಮಾಡಿತು. ಯುರೋಪಿನ ಔಷಧ ನಿಯಂತ್ರಕರು ಅದನ್ನೇ ಹಿಡಿದುಕೊಂಡರು. ಈಗ ನಮ್ಮ ಕೈಗೆ ಬರುವ ಬಹಳಷ್ಟು ಚೀಟಿಗಳಲ್ಲೂ ಅದೇ ಲೆಕ್ಕ ನಡೆಯುತ್ತದೆ.

ಹತ್ತು ಸಾವಿರ ಜನರಿರುವ ಒಂದು ಊರಿನ ಎಲ್ಲರೂ ಒಂದೇ ಮಾತ್ರೆ ನುಂಗುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಅವರಲ್ಲಿ ಸಾವಿರಕ್ಕಿಂತ ಹೆಚ್ಚು ಜನರಿಗೆ ಒಂದು ತೊಂದರೆ ಕಾಣಿಸಿದರೆ ಅದು ‘ವೆರಿ ಕಾಮನ್’. ನೂರರಿಂದ ಸಾವಿರ ಜನರಿಗಾದರೆ ‘ಕಾಮನ್’. ಹತ್ತರಿಂದ ನೂರು ಜನರಿಗಾದರೆ, ಅಂದರೆ ಹೆಚ್ಚೆಂದರೆ ಎರಡು ಬಸ್ಸು ತುಂಬುವಷ್ಟು ಮಂದಿಗಾದರೆ, ‘ಅನ್‌ಕಾಮನ್’. ಒಬ್ಬರಿಂದ ಹತ್ತು ಜನರಿಗಾದರೆ ‘ರೇರ್’. ‘ವೆರಿ ರೇರ್’ ಎಂದರೆ ಆ ಊರಿನಲ್ಲಿ ಒಬ್ಬರೂ ಸಿಗದೆ, ಅಕ್ಕಪಕ್ಕದ ಊರುಗಳಲ್ಲೂ ಹುಡುಕಬೇಕಾಗಿ ಬರಬಹುದು.

ಇದರಲ್ಲಿ ಎರಡು ಸಂಗತಿ ಗಮನಿಸಬೇಕು. ಮೊದಲನೆಯದು, ಇಲ್ಲಿ ಎಣಿಸುತ್ತಿರುವುದು ಜನರನ್ನು. ಒಬ್ಬರಿಗೆ ಎಷ್ಟು ಸಲ ತಲೆನೋವು ಬಂತು ಎಂಬ ಲೆಕ್ಕ ಇದಲ್ಲ. ಎರಡನೆಯದು, ‘ಕಾಮನ್’ ಎಂಬ ಡಬ್ಬದಲ್ಲಿರುವ ತೊಂದರೆ ಕೂಡ ನೂರರಲ್ಲಿ ತೊಂಬತ್ತು ಜನರನ್ನು, ಕೆಲವೊಮ್ಮೆ ತೊಂಬತ್ತೊಂಬತ್ತು ಜನರನ್ನು ಮುಟ್ಟುವುದಿಲ್ಲ. ದಿನಬಳಕೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ಇಷ್ಟು ಸಣ್ಣ ಅರ್ಥವಿಲ್ಲ. ಹಾಗಾಗಿ ಇಂಗ್ಲಿಷ್ ಮಾತಾಡುವವರೇ ಮೊದಲು ಮೋಸಹೋದರು.

ಬ್ರಿಟನ್ನಿನಲ್ಲಿ ಪೀಟರ್ ನ್ಯಾಪ್, ಥಿಯೋ ರೇನರ್, ಡಯಾನ್ ಬೆರಿ ಎಂಬ ಸಂಶೋಧಕರು ಕೊಬ್ಬಿನಂಶ ಇಳಿಸುವ ಸ್ಟ್ಯಾಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದ 120 ಜನರನ್ನು ಕೇಳಿನೋಡಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಲಬದ್ಧತೆ ‘ಕಾಮನ್’ ಎಂದು ಮಾತಿನಲ್ಲಷ್ಟೇ ಹೇಳಿಸಿಕೊಂಡವರು, ತಮಗೆ ಅದಾಗುವ ಸಂಭವ ಸರಾಸರಿ ನೂರಕ್ಕೆ 34 ಎಂದು ಊಹಿಸಿದರು. ಅಂಕಿ ಕೊಟ್ಟು ಹೇಳಿದವರ ಊಹೆ ನೂರಕ್ಕೆ 8ಕ್ಕೆ ಇಳಿಯಿತು. ಮೇದೋಜೀರಕ ಗ್ರಂಥಿಯ ಉರಿಯೂತ ‘ರೇರ್’ ಎಂದು ಕೇಳಿದವರು ನೂರಕ್ಕೆ 18 ಎಂದರು, ಅಂಕಿ ನೋಡಿದವರು 2 ಎಂದರು. ಆ ಡಬ್ಬದ ನಿಜವಾದ ಮೇಲಿನ ಗೆರೆ ನೂರಕ್ಕೆ ಒಂದಲ್ಲ, ಸಾವಿರಕ್ಕೆ ಒಂದು! ಅಂಕಿಯೂ ಹೆದರಿಕೆಯನ್ನು ಪೂರ್ತಿ ಕಳೆಯಲಿಲ್ಲ. ಆದರೆ ಬರಿಯ ಪದ ಮಾಡಿದಷ್ಟು ಅನಾಹುತವನ್ನು ಮಾಡಲಿಲ್ಲ.

ಮೂಲದಲ್ಲೇ ಹೀಗೆ ಊದಿಕೊಳ್ಳುವ ಪದವನ್ನು ಇನ್ನೊಂದು ಭಾಷೆಗೆ ತಂದರೆ, ಆ ಭಾಷೆಯ ಪದ ತನ್ನದೊಂದು ಊತವನ್ನು ಸೇರಿಸುತ್ತದೆ. ಜರ್ಮನ್ ಚೀಟಿಗಳಲ್ಲಿ ‘ಅನ್‌ಕಾಮನ್’ ಎಂಬುದು ‘ಗೆಲೆಗೆಂಟ್ಲಿಖ್’ ಆಗಿದೆ. ಆ ಪದಕ್ಕೆ ‘ಆಗಾಗ, ಒಮ್ಮೊಮ್ಮೆ’ ಎಂಬರ್ಥ. ಜನರ ಲೆಕ್ಕ ಅಲ್ಲಿಗೆ ಹೋಗುವಷ್ಟರಲ್ಲಿ ಕಾಲದ ಲೆಕ್ಕವಾಗಿಬಿಟ್ಟಿದೆ. ಕನ್ನಡದಲ್ಲಿ ಏನಾಗುತ್ತದೆ?

ಪದ ಮಾಡುವ ಕಿತಾಪತಿ

‘ಸಾಮಾನ್ಯ’ದಿಂದಲೇ ಹಿಡಿಯೋಣ. ‘ಇದು ಸಾಮಾನ್ಯ ಅಡ್ಡಪರಿಣಾಮ’ ಎಂದರೆ ಅಷ್ಟೇನೂ ಕೆಡುಕಿಲ್ಲ. ಮಾಮೂಲಿಯದು, ತಲೆ ಕೆಡಿಸಿಕೊಳ್ಳಬೇಕಾದ್ದಲ್ಲ ಎಂಬ ಧ್ವನಿ ಬರುತ್ತದೆ. ಆದರೆ ಅದಕ್ಕೆ ‘ಆಗಿ’ ಅಂಟಿಸಿ ನೋಡಿ. ‘ನಾವು ಸಾಮಾನ್ಯವಾಗಿ ಒಂಬತ್ತಕ್ಕೆ ಊಟ ಮಾಡುತ್ತೇವೆ’ ಎಂದರೆ ಹತ್ತು ದಿನದಲ್ಲಿ ಒಂಬತ್ತು ದಿನ ಹಾಗೇ ಎಂದು ಅರ್ಥ. ‘ಸಾಮಾನ್ಯವಾಗಿ ವಾಂತಿಯಾಗುತ್ತದೆ’ ಎಂದರೆ ಕೇಳಿದವರು ‘ಆಗೇ ಆಗುತ್ತದೆ, ಆಗದಿದ್ದರೆ ಅದೃಷ್ಟ’ ಎಂದುಕೊಳ್ಳುತ್ತಾರೆ. ನೂರರಲ್ಲಿ ಹತ್ತು ಇದ್ದದ್ದು ಒಂದು ಪ್ರತ್ಯಯದಿಂದ ತೊಂಬತ್ತಾಯಿತು.

‘ಅನ್‌ಕಾಮನ್’ ಇನ್ನೂ ದೊಡ್ಡ ಗುಂಡಿ. ಕಾಮನ್ ಎಂದರೆ ಸಾಮಾನ್ಯ, ಹಾಗಾದರೆ ಇದು ‘ಅಸಾಮಾನ್ಯ’ ಎಂದು ಕೈ ತಾನಾಗಿ ಬರೆದುಬಿಡುತ್ತದೆ. ಆದರೆ ಕನ್ನಡದಲ್ಲಿ ಅಸಾಮಾನ್ಯ ಎಂದರೆ ಅಸಾಧಾರಣ. ಅಸಾಮಾನ್ಯ ಧೈರ್ಯ, ಅಸಾಮಾನ್ಯ ಪ್ರತಿಭೆ ಎನ್ನುತ್ತೇವೆ. ‘ಅಸಾಮಾನ್ಯ ಅಡ್ಡಪರಿಣಾಮ: ತಲೆಸುತ್ತು’ ಎಂದು ಓದಿದವರಿಗೆ ಇದು ಎಂಥದೋ ಘೋರವಾದ ತಲೆಸುತ್ತು ಎನಿಸಿದರೆ ತಪ್ಪು ಅವರದಲ್ಲ. ಹೆಚ್ಚು ಜನರಲ್ಲಿ ಕಾಣದ್ದು ಎಂಬ ಸೀದಾ ಮಾತು ಇದಕ್ಕಿಂತ ಎಷ್ಟೋ ವಾಸಿ.

ಇನ್ನು ‘ಅಪರೂಪ’. ಇದು ಪ್ರೀತಿಯ ಪದ. ‘ಅಪರೂಪಕ್ಕೆ ಬಂದಿದ್ದೀರಿ, ಊಟ ಮಾಡಿಕೊಂಡೇ ಹೋಗಿ’ ಎನ್ನುತ್ತೇವಲ್ಲ, ಅಲ್ಲಿ ಬಂದವರು ಒಬ್ಬರೇ. ಬಹಳ ದಿನಕ್ಕೊಮ್ಮೆ ಬಂದಿದ್ದಾರೆ, ಮತ್ತೆ ಬಂದೇ ಬರುತ್ತಾರೆ. ‘ಅಪರೂಪಕ್ಕೆ ಕೋಮಾಕ್ಕೆ ಹೋಗಬಹುದು’ ಎಂದು ಮೊಮ್ಮಗ ಹೇಳಿದಾಗ ಅಜ್ಜಿಗೆ ಕೇಳಿಸಿದ್ದು ಇದೇ ವ್ಯಾಕರಣ. ಮಾತ್ರೆ ತಿನ್ನುತ್ತಾ ಹೋದರೆ ತನಗೇ ಯಾವತ್ತಾದರೂ ಒಂದು ದಿನ ಆಗುತ್ತದೆ ಎಂದು. ಹತ್ತು ಸಾವಿರ ಜನರ ಊರು ಕರಗಿಹೋಗಿ ಅಲ್ಲಿ ಅಜ್ಜಿಯೊಬ್ಬರೇ ಉಳಿದರು.

ಅದೇ ಪದವನ್ನು ತೊಂದರೆಯ ಹೆಸರಿನ ಹಿಂದೆ ನಿಲ್ಲಿಸಿದರೆ ಇನ್ನೊಂದು ಬಗೆಯ ಎಡವಟ್ಟು. 2024ರ ಏಪ್ರಿಲ್ ಕೊನೆಯಲ್ಲಿ ಒಂದು ಸುದ್ದಿ ಹಬ್ಬಿದ್ದು ನೆನಪಿರಬಹುದು. ಕೋವಿಡ್ ಲಸಿಕೆ ‘ತೀರಾ ವಿರಳ ಪ್ರಕರಣಗಳಲ್ಲಿ’ ರಕ್ತ ಹೆಪ್ಪುಗಟ್ಟುವ ಟಿಟಿಎಸ್ ಎಂಬ ತೊಂದರೆಗೆ ಕಾರಣವಾಗಬಹುದು ಎಂದು ಆಸ್ಟ್ರಾಜೆನೆಕಾ ಕಂಪನಿ ಬ್ರಿಟನ್ನಿನ ನ್ಯಾಯಾಲಯಕ್ಕೆ ಕೊಟ್ಟ ದಾಖಲೆಯಲ್ಲಿ ಒಪ್ಪಿಕೊಂಡಿತ್ತು. ಅದೇ ಲಸಿಕೆ ನಮ್ಮಲ್ಲಿ ಕೋವಿಶೀಲ್ಡ್. ಮಾತು ಕನ್ನಡಕ್ಕೆ ಬರುವಷ್ಟರಲ್ಲಿ ಬಹಳ ಕಡೆ ‘ಲಸಿಕೆಯಿಂದ ಅಪರೂಪದ ಕಾಯಿಲೆ’ ಎಂದಾಗಿತ್ತು. ‘ಅಪರೂಪ’ ಎಂಬುದು ಎಷ್ಟು ಜನರಿಗೆ ಎಂಬ ಲೆಕ್ಕದಿಂದ ಕಳಚಿಕೊಂಡು ಕಾಯಿಲೆಯ ಗುಣವಾಯಿತು. ಕಂಡು ಕೇಳರಿಯದ, ಮದ್ದಿಲ್ಲದ ಕಾಯಿಲೆ ಎಂಬಂತೆ. ಮೂರು ವರ್ಷದ ಹಿಂದೆ ಚುಚ್ಚಿಸಿಕೊಂಡವರೂ ಎದೆ ಮುಟ್ಟಿ ನೋಡಿಕೊಂಡರು. ಟಿಟಿಎಸ್ ಕಾಣಿಸಿಕೊಂಡವರಲ್ಲಿ ಹೆಚ್ಚಿನವರಿಗೆ ಅದು ಬಂದದ್ದು ಲಸಿಕೆ ಹಾಕಿಸಿಕೊಂಡ ಮೊದಲ ಮೂರು ವಾರಗಳಲ್ಲಿ. ಕೋವಿಶೀಲ್ಡ್ ಜೊತೆಗಿನ ಮಾಹಿತಿ ಪತ್ರದಲ್ಲಿ 2021ರಲ್ಲೇ ಅದನ್ನು ಸೇರಿಸಲಾಗಿತ್ತು. ಭಯಕ್ಕೆ ಹೊಸ ಸಂಗತಿ ಏನೂ ಬೇಕಾಗಿರಲಿಲ್ಲ, ಒಂದು ವಿಶೇಷಣ ಜಾಗ ಬದಲಿಸಿದ್ದೇ ಸಾಕಾಯಿತು.

‘ವಿರಳ’ಕ್ಕೆ ಇಂಥ ಹಳೆಯ ನಂಟುಗಳು ಕಡಿಮೆ. ಅಲ್ಲೊಂದು ಇಲ್ಲೊಂದು ಎಂಬ ಚಿತ್ರವನ್ನಷ್ಟೇ ಅದು ಕೊಡುತ್ತದೆ. ಹಾಗಾಗಿ ನಾನು ಅದನ್ನೇ ಆರಿಸುತ್ತೇನೆ. ಆದರೆ ಅದು ಪುಸ್ತಕದ ಪದ, ನಮ್ಮ ಅಜ್ಜಿಯ ನಾಲಿಗೆಯ ಮೇಲೆ ಎಂದೂ ಬಾರದ್ದು. ಹೆದರಿಸುವುದಿಲ್ಲ, ಆದರೆ ಒಂಟಿಯಾಗಿ ನಿಲ್ಲಿಸಿದರೆ ತಿಳಿಯುವುದೂ ಇಲ್ಲ.

ಐದು ಡಬ್ಬಗಳ ಆಚೆ ಆರನೆಯದೊಂದಿದೆ, ‘ನಾಟ್ ನೋನ್’. ಇದನ್ನು ‘ತಿಳಿದಿಲ್ಲ’ ಎಂದು ಬರೆದರೆ ‘ಏನಾಗುತ್ತದೋ ಕಂಪನಿಯವರಿಗೇ ಗೊತ್ತಿಲ್ಲವಂತೆ’ ಎಂದಾಗುತ್ತದೆ. ಗೊತ್ತಿಲ್ಲದಿರುವುದು ಎಷ್ಟು ಜನರಿಗೆ ಎಂಬುದು ಮಾತ್ರ. ಮಾತ್ರೆ ಮಾರುಕಟ್ಟೆಗೆ ಬಂದ ಮೇಲೆ ಕೆಲವರು ಒಂದು ತೊಂದರೆ ವರದಿ ಮಾಡಿರುತ್ತಾರೆ, ಆದರೆ ಒಟ್ಟು ಎಷ್ಟು ಜನ ನುಂಗಿದವರಲ್ಲಿ ಹಾಗಾಯಿತು ಎಂದು ಭಾಗಿಸಿ ಹೇಳಲು ಆಗುವುದಿಲ್ಲ. ‘ಕೆಲವರಲ್ಲಿ ಕಂಡುಬಂದಿದೆ, ಎಷ್ಟು ಜನರಲ್ಲಿ ಎಂದು ಲೆಕ್ಕ ಸಿಕ್ಕಿಲ್ಲ’ ಎಂದರೆ ಉದ್ದವಾಯಿತು, ಆದರೆ ಇದ್ದದ್ದು ಇದ್ದಹಾಗೆ ಬಂತು.

ಅಂಕಿಗೂ ವ್ಯಾಕರಣ ಬೇಕು

ಹಾಗಾದರೆ ಪದ ಬಿಟ್ಟು ಅಂಕಿ ಹಾಕಿದರೆ ಮುಗಿಯಿತಲ್ಲ ಎನ್ನಬಹುದು. ಅರ್ಧ ಮುಗಿಯುತ್ತದೆ. ಯುರೋಪಿನ ಈಗಿನ ಮಾದರಿಯಲ್ಲಿ ‘ಕಾಮನ್’ ಎದುರಿಗೆ ‘10 ಜನರಲ್ಲಿ ಒಬ್ಬರವರೆಗೆ ಆಗಬಹುದು’ ಎಂಬ ಅರ್ಥದ ಸಾಲಿರುತ್ತದೆ. ನೂರರಲ್ಲಿ ಒಬ್ಬರಿಗೆ ಆಗುವುದೂ ಹತ್ತು ಜನರಿಗೆ ಆಗುವುದೂ ಈ ಒಂದೇ ಸಾಲಿನಡಿ ಬರುತ್ತವೆ, ಓದುಗರಿಗೆ ಕಾಣುವುದು ಮೇಲಿನ ಗೆರೆ ಮಾತ್ರ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಜನರಿಗಾಗಿ ಬರೆಯುವ ಪುಟಗಳಲ್ಲಿ ಇದೇ ಡಬ್ಬವನ್ನು ಕೆಳಗಿನ ಗೆರೆಯಿಂದ ಹೇಳುತ್ತಾರೆ: 100ರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ. ಎರಡೂ ನಿಜ, ಎರಡೂ ಅರ್ಧ. ಕನ್ನಡದಲ್ಲಿ ಎರಡು ಗೆರೆಯನ್ನೂ ಒಂದೇ ಉಸಿರಿನಲ್ಲಿ ಹೇಳಬಹುದು: ‘ನೂರು ಜನರಲ್ಲಿ ಒಬ್ಬರಿಂದ ಹತ್ತು ಜನರಿಗೆ’.

ಇಲ್ಲಿ ಒಂದು ಸಣ್ಣ ಎಚ್ಚರಿಕೆ ಇದೆ. ‘ಪ್ರತಿ ಹತ್ತು ಜನರಲ್ಲಿ ಒಬ್ಬರಿಗೆ’ ಎಂದು ಬರೆಯುವ ಚಟ ನಮಗಿದೆ. ‘ಪ್ರತಿ’ ಬಂದ ಕೂಡಲೇ ಓದುಗರು ತಮ್ಮ ಓಣಿಯ ಹತ್ತು ಜನರನ್ನು ನಿಲ್ಲಿಸಿಕೊಂಡು ಆ ಒಬ್ಬರು ಯಾರು ಎಂದು ನೋಡತೊಡಗುತ್ತಾರೆ. ‘ನೂರು ಜನ ತೆಗೆದುಕೊಂಡರೆ ಅವರಲ್ಲಿ’ ಎಂದಾಗ ಆ ಬಿಗಿ ಸಡಿಲವಾಗುತ್ತದೆ.

‘ವೆರಿ ರೇರ್’ ಬೇರೆಯದೇ ತಕರಾರು ತರುತ್ತದೆ. ‘10,000 ಜನರಲ್ಲಿ ಒಬ್ಬರಿಗಿಂತ ಕಡಿಮೆ’ ಎಂದರೆ ಅದೇನು ಅರ್ಧ ಮನುಷ್ಯರೇ ಎಂದು ಒಬ್ಬ ಹಿರಿಯರು ನನ್ನನ್ನು ಕೇಳಿದ್ದರು. ‘ಲಕ್ಷ ಜನರಲ್ಲಿ ಹತ್ತಕ್ಕಿಂತ ಕಡಿಮೆ’ ಎಂದು ಹಿಗ್ಗಿಸಿದರೆ ಮನುಷ್ಯರು ಇಡಿಯಾಗುತ್ತಾರೆ, ಆದರೆ ಓದುವ ಕಣ್ಣು ಲಕ್ಷವನ್ನು ಬಿಟ್ಟು ಹತ್ತನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ನಾನು ಹತ್ತು ಸಾವಿರಕ್ಕೇ ಅಂಟಿಕೊಂಡು, ಒಬ್ಬರನ್ನು ಒಡೆಯದೆ ಬರೆಯುತ್ತೇನೆ: ‘ಹತ್ತು ಸಾವಿರ ಜನ ತೆಗೆದುಕೊಂಡರೆ ಅವರಲ್ಲಿ ಒಬ್ಬರಿಗೆ ಆಗಬಹುದು, ಯಾರಿಗೂ ಆಗದೆಯೂ ಇರಬಹುದು’. ಒಂದೇ ಪಟ್ಟಿಯಲ್ಲಿ ಒಮ್ಮೆ ಹತ್ತರಲ್ಲಿ, ಒಮ್ಮೆ ಸಾವಿರದಲ್ಲಿ ಎಂದು ಬುಡದ ಸಂಖ್ಯೆಯನ್ನು ಪದೇ ಪದೇ ಬದಲಿಸದಿದ್ದರೆ ಒಂದನ್ನೊಂದು ಹೋಲಿಸುವುದು ಸುಲಭ.

ಅಜ್ಜಿಯ ಚೀಟಿ

ಈಗ ಆ ಮೆಟ್‌ಫಾರ್ಮಿನ್ ಚೀಟಿಯನ್ನೇ ತೆಗೆದುಕೊಳ್ಳೋಣ. ಯುರೋಪಿನ ಚೀಟಿಯ ಪ್ರಕಾರ ಹೊಟ್ಟೆ ತೊಳಸುವುದು, ವಾಂತಿ, ಭೇದಿ, ಹೊಟ್ಟೆನೋವು, ಹಸಿವಾಗದಿರುವುದು ‘ವೆರಿ ಕಾಮನ್’. ನಾಲಿಗೆಯ ರುಚಿ ಕೆಡುವುದು ‘ಕಾಮನ್’. ಬಿ12 ಜೀವಸತ್ವ ಕಡಿಮೆಯಾಗುವುದನ್ನೂ 2022ರಲ್ಲಿ ಬ್ರಿಟನ್ನಿನ ನಿಯಂತ್ರಕರು ಇದೇ ಡಬ್ಬಕ್ಕೆ ಸೇರಿಸಿದರು. ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುವ ಲ್ಯಾಕ್ಟಿಕ್ ಆಸಿಡೋಸಿಸ್ ‘ವೆರಿ ರೇರ್’, ಮತ್ತು ತುಂಬಾ ಗಂಭೀರ.

ಮೊದಲ ಡಬ್ಬಕ್ಕೆ ಮೇಲಿನ ಗೆರೆಯೇ ಇಲ್ಲ. ನೂರಕ್ಕೆ ಹನ್ನೊಂದಾದರೂ ಅದೇ, ಐವತ್ತಾದರೂ ಅದೇ. ಚೀಟಿಯಲ್ಲಿಲ್ಲದ ಅಂಕಿಯನ್ನು ಅನುವಾದಕರು ಹುಟ್ಟಿಸುವಂತಿಲ್ಲ. ಆದರೆ ಪದಕ್ಕಿಂತ ಹೆಚ್ಚು ಸಮಾಧಾನ ಕೊಡುವ ಸಂಗತಿ ಮೂಲದಲ್ಲೇ, ಎರಡು ಸಾಲು ಕೆಳಗೆ ಇರುತ್ತದೆ. ಈ ಹೊಟ್ಟೆಯ ತೊಂದರೆಗಳು ಹೆಚ್ಚಾಗಿ ಮಾತ್ರೆ ಶುರುಮಾಡಿದ ಹೊಸತರಲ್ಲಿ ಬರುತ್ತವೆ, ಊಟದ ಜೊತೆಗೆ ಅಥವಾ ಊಟವಾದ ಕೂಡಲೇ ತೆಗೆದುಕೊಂಡರೆ ಕಡಿಮೆಯಾಗುತ್ತವೆ. ಮೊಮ್ಮಗ ಅಲ್ಲಿಯವರೆಗೆ ಓದಿರಲೇ ಇಲ್ಲ.

ಕೊನೆಯದು ಕಷ್ಟದ್ದು. ಎಷ್ಟು ಜನರಿಗೆ ಎಂಬುದು ಒಂದು ಪ್ರಶ್ನೆ, ಆದರೆ ಎಷ್ಟು ಅಪಾಯ ಎಂಬುದು ಇನ್ನೊಂದು. ‘ತೀರಾ ವಿರಳ, ಆದರೆ ಪ್ರಾಣಾಪಾಯ’ ಎಂದು ಒಂದೇ ವಾಕ್ಯದಲ್ಲಿ ಕಟ್ಟಿದರೆ ‘ಆದರೆ’ಯ ಹಿಂದಿನದೆಲ್ಲ ಅಳಿಸಿಹೋಗುತ್ತದೆ. ತಿರುಗಿಸಿ ‘ಪ್ರಾಣಾಪಾಯ, ಆದರೆ ತೀರಾ ವಿರಳ’ ಎಂದರೆ ಅಪಾಯವೇ ಅಳಿಸಿಹೋಗಿ, ನಿಜಕ್ಕೂ ಆಸ್ಪತ್ರೆಗೆ ಓಡಬೇಕಾದವರು ಮನೆಯಲ್ಲೇ ಕೂರಬಹುದು. ಹೆದರಿಸಬಾರದು ಎಂದು ಎಚ್ಚರಿಕೆಯನ್ನು ನೀರು ಮಾಡುವುದೂ ತಪ್ಪೇ. ಎರಡನ್ನೂ ಬಿಡಿಸಿ ಬರೆದು, ಮೂರನೆಯದಾಗಿ ಏನು ಮಾಡಬೇಕು ಎಂದು ಹೇಳಿದರೆ ಮಾತು ನಿಲ್ಲುತ್ತದೆ. ನಾನು ಬರೆದದ್ದು ಹೀಗೆ:

“ಹತ್ತು ಸಾವಿರ ಜನ ಈ ಮಾತ್ರೆ ತೆಗೆದುಕೊಂಡರೆ ಅವರಲ್ಲಿ ಒಬ್ಬರಿಗೆ ಲ್ಯಾಕ್ಟಿಕ್ ಆಸಿಡೋಸಿಸ್ ಆಗಬಹುದು, ಯಾರಿಗೂ ಆಗದೆಯೂ ಇರಬಹುದು (ತೀರಾ ವಿರಳ). ಮೂತ್ರಪಿಂಡ ಸರಿಯಾಗಿ ಕೆಲಸ ಮಾಡದವರಲ್ಲಿ ಇದರ ಸಂಭವ ಹೆಚ್ಚು. ಇದು ಗಂಭೀರ ತೊಂದರೆ. ಆಸ್ಪತ್ರೆಯಲ್ಲೇ ಚಿಕಿತ್ಸೆ ಬೇಕು, ಚಿಕಿತ್ಸೆ ಸಿಗದಿದ್ದರೆ ಕೋಮಾಕ್ಕೆ ಹೋಗಬಹುದು. ವಾಂತಿ, ಹೊಟ್ಟೆನೋವಿನ ಜೊತೆಗೆ ಮಾಂಸಖಂಡ ಹಿಡಿದುಕೊಳ್ಳುವುದು, ವಿಪರೀತ ಸುಸ್ತು, ಉಸಿರಾಡಲು ಕಷ್ಟ ಕಾಣಿಸಿದರೆ ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಿ.”

ಅಂಕಿ ಮುಂದೆ, ಪದ ಹಿಂದೆ. ಪದವನ್ನು ಪೂರ್ತಿ ಬಿಟ್ಟುಬಿಡುವಂತಿಲ್ಲ. ಮೂಲದಲ್ಲಿ ಇರುವುದು ಅನುವಾದದಲ್ಲಿ ಕಾಣೆಯಾದರೆ ಪರಿಶೀಲಿಸುವವರು ವಾಪಸು ಕಳಿಸುತ್ತಾರೆ, ಕಳಿಸಬೇಕು ಕೂಡ.

ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ?

ಪರಿಶೀಲನೆಗೆ ನಮ್ಮಲ್ಲಿ ರೂಢಿಯಲ್ಲಿರುವುದು ಮರು ಅನುವಾದ. ಕನ್ನಡವನ್ನು ಬೇರೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ ಮೂಲದ ಜೊತೆ ತಾಳೆ ನೋಡುತ್ತಾರೆ. ಬಿಟ್ಟುಹೋದ ಸಾಲು, ತಪ್ಪಿದ ಸೊನ್ನೆ ಇದರಲ್ಲಿ ಸಿಕ್ಕಿಬೀಳುತ್ತವೆ. ಆದರೆ ‘ಅಸಾಮಾನ್ಯ’ ಸಿಕ್ಕಿಬೀಳುವುದಿಲ್ಲ. ಎರಡನೆಯವರೂ ಅದೇ ನಿಘಂಟು ತೆರೆದು ‘ಅನ್‌ಕಾಮನ್’ ಎಂದೇ ಬರೆಯುತ್ತಾರೆ. ‘ಸಾಮಾನ್ಯವಾಗಿ’ ಮರಳಿ ‘ಕಾಮನ್ಲಿ’ ಆಗುತ್ತದೆ. ಎರಡು ಇಂಗ್ಲಿಷೂ ಹೊಂದುತ್ತವೆ, ನಡುವಿನ ಕನ್ನಡ ಹಾಗೇ ಕೆಟ್ಟಿರುತ್ತದೆ.

ಅದನ್ನು ಹಿಡಿಯಲು ಓದುಗರ ಹತ್ತಿರವೇ ಹೋಗಬೇಕು. ಯುರೋಪಿನಲ್ಲಿ 2004ರ ಕಾನೂನು ತಿದ್ದುಪಡಿಯ ನಂತರ ಚೀಟಿಯನ್ನು ಸಾಮಾನ್ಯ ಓದುಗರ ಮುಂದಿಟ್ಟು ಪರೀಕ್ಷಿಸುವುದು ಕಡ್ಡಾಯ. ಅಲ್ಲಿನ ರೂಢಿಯಲ್ಲಿ ಹತ್ತು ಹತ್ತು ಜನರ ಎರಡು ಸುತ್ತು ನಡೆಯುತ್ತದೆ. ‘ಅರ್ಥವಾಯಿತೇ?’ ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ, ಹಾಗೆ ಕೇಳುವುದಿಲ್ಲ. ಒಂದು ಮಾಹಿತಿಯನ್ನು ಚೀಟಿಯಲ್ಲಿ ಹುಡುಕಿಸಿ, ಅದನ್ನು ಅವರದೇ ಮಾತಿನಲ್ಲಿ ಹೇಳಿಸುತ್ತಾರೆ. ಕನ್ನಡದಲ್ಲಿ ಇದಕ್ಕೆ ಒಂದೇ ಪ್ರಶ್ನೆ ಸಾಕು: ‘ನೂರು ಜನ ಈ ಮಾತ್ರೆ ತಗೊಂಡ್ರೆ ಎಷ್ಟು ಜನಕ್ಕೆ ಹೀಗಾಗುತ್ತೆ ಅನ್ಸುತ್ತೆ?’ ಉತ್ತರ ‘ತುಂಬಾ ಜನಕ್ಕೆ’ ಎಂದೋ ‘ಐವತ್ತು’ ಎಂದೋ ಬಂದರೆ ಸಾಲು ಕೆಟ್ಟಿದೆ ಎಂದೇ ಅರ್ಥ.

ಭಾರತದಲ್ಲಿ ಡಬ್ಬಿಯೊಳಗಿನ ಚೀಟಿ ಇಂದಿಗೂ ಇಂಗ್ಲಿಷಿನದೇ, ಬಹುಪಾಲು ವೈದ್ಯರನ್ನು ಉದ್ದೇಶಿಸಿ ಬರೆದದ್ದು. ಮನೆಮನೆಗಳಲ್ಲಿ ಅದನ್ನು ಬಾಯಿಮಾತಿನಲ್ಲಿ ಕನ್ನಡ ಮಾಡುತ್ತಿರುವವರು ಮೊಮ್ಮಕ್ಕಳು, ಸೊಸೆಯಂದಿರು, ಮೆಡಿಕಲ್ ಶಾಪಿನ ಹುಡುಗರು. ಅವರ ಅನುವಾದವನ್ನು ಯಾರೂ ಪರೀಕ್ಷಿಸುವುದಿಲ್ಲ.

ನಾನು ಬರೆದ ಸಾಲುಗಳನ್ನು ಹಿಡಿದು ಅಜ್ಜಿಯ ಮನೆಗೆ ಹೋದೆ. ಎರಡು ಸಲ ಓದಿಸಿಕೊಂಡರು. ಆ ಪ್ರಶ್ನೆ ಕೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿದರು. “ವಾಂತಿ ನೂರರಲ್ಲಿ ಹತ್ತಕ್ಕಿಂತ ಜಾಸ್ತಿ ಜನಕ್ಕೆ ಅಂತ ನೀನೇ ಬರ್ದಿದ್ಯಲ್ಲ. ಅದೂ ಮೊದಮೊದಲು. ಊಟ ಆದ್ಮೇಲೆ ತಗೋಬೇಕು. ಆಮೇಲೆ ಆ ಇನ್ನೊಂದು ಬಂದ್ರೆ, ಉಸಿರು ಹಿಡ್ಕೊಂಡ ಹಾಗಾದ್ರೆ ದೊಡ್ಡಾಸ್ಪತ್ರೆಗೆ ಹೋಗ್ಬೇಕು. ಅಷ್ಟೇ ತಾನೇ?” ಎಂದರು. ನಾನು ಹೂಂ ಎನ್ನುವ ಮೊದಲೇ ಇನ್ನೊಂದು ಕೇಳಿದರು. “ಅಲ್ಲಮ್ಮಾ, ಆ ಮೂತ್ರಪಿಂಡ ಅಂದ್ಯಲ್ಲ, ಕಿಡ್ನಿ ತಾನೇ? ನಂದು ಸರಿಯಾಗಿದ್ಯಾ ಅಂತ ಯಾರು ನೋಡಿದಾರೆ?”

ಮುಂದಿನ ಸಲ ಡಾಕ್ಟರ ಬಳಿ ಹೋದಾಗ ಕೇಳಬೇಕಾದ ಪ್ರಶ್ನೆ ಅದೇ. ನಾನು ಚೀಟಿಯಲ್ಲಿ ‘ಮೂತ್ರಪಿಂಡ’ವನ್ನು ಹೊಡೆದುಹಾಕಿ ‘ಕಿಡ್ನಿ’ ಎಂದು ಬರೆದೆ.